ಮಂಜ್ಯಾನ ಮದಿವ್ಯಾಗ ಮೈಕ್ ಸಿಕ್ಕಾಗ

ನಮಸ್ಕಾರ್ರಿ ಎಲ್ಲಾರಿಗೂ. ನಾ ಬಸವರಾಜ, ಗದಗನಾಂವ. ಇಲ್ಲಿ ಭಾಳ ಮಂದಿ ನನ್ನ ನೋಡೇ ಇಲ್ಲ, ಆದ್ರ ಮಂಜ್ಯಾನ ಅವ್ವಾರು ಬಾಗಲದಾಗ ನನ್ನ ದನಿ ಕೇಳಿದ ಕೂಡ್ಲೇ "ಓ, ರಾತ್ರಿ ಫೋನಿನ್ಯಾಗ ಒದರಾಂವ ನೀನ ಏನಪಾ" ಅಂದ್ರು. ಹೌದ್ರಿ ಕಾಕು, ನಾನ.

2018ರಾಗ ಫೋನಿನ್ಯಾಗ ಆಡೂ ಪಬ್ಜಿ ಅನ್ನೂ ಬಂದೂಕಿನ ಆಟ ಬಂತಲ್ರಿ, ಆವಾಗಿಂದ ನಮ್ದು ನಾಕ್ ಮಂದಿ ಸ್ಕ್ವಾಡ್, ಧಾರವಾಡದಿಂದ ಈ ಮಂಜ್ಯಾ, ಗದಗದಿಂದ ನಾನು, ಹಾವೇರಿ ಸಿದ್ಯಾ, ರಾಣೇಬೆನ್ನೂರ ವಿನ್ಯಾ. ಮನ್ಯಾಗ ಎಲ್ಲಾರೂ ಮಲ್ಕೊಂಡ ಮ್ಯಾಲ ಚಾಲೂ, ಅಪ್ಪಾರು ಎದ್ದಗಿದ್ದಾರು ಅಂತ ಇಂವ ಚಾದರದಾಗ ತಲಿ ತೂರಿಸಿ "ಲೇ, ಎಡಕ್ಕ ಗಿಡದ ಹಿಂದ ಒಬ್ಬಾಂವ ಅದಾನ" ಅಂತ ಪಿಸುಗುಡಾಂವ. ಇವನ ಮುಖಾ ನೋಡೂಕಿಂತ ಮದಲ ಇವ್ರ ಮನಿ ಫ್ಯಾನಿನ ಕಟಕಟ ಸಪ್ಪಳ ನಮಗ ಗೊತ್ತಿತ್ತು.

ದೊಡ್ಡ ಶೂಟರ್ ಏನಲ್ರಿ ಇಂವ, ಎದುರಿಗೆ ನಿಂತಾಂವನ್ನೂ ಮಿಸ್ ಮಾಡಾಂವ. ಆದ್ರ ನಮ್ಮೊಳಗ ಯಾರರ ಗುಂಡು ತಿಂದು ಬಿದ್ರ, ಜೀವಾ ತಿನ್ನೂ ಝೋನ್ ಬೆನ್ನ ಹತ್ತಿದ್ರೂ, "ಬರಬ್ಯಾಡಲೇ, ನೀ ಉಳಕೋ" ಅಂತ ಬೈದ್ರೂ, ಸ್ಮೋಕ್ ಒಗದು ಓಡಿ ಬಂದ ಬರಾಂವ, ರಿವೈವ್ ಮಾಡಿ ಇದ್ದ ಒಂದ ಫಸ್ಟ್ ಏಡ್ ನಮಗ ಕೊಟ್ಟು ತಾ ಬ್ಯಾಂಡೇಜ್ ಸುತ್ತಕೋಂತ ಕುಂದ್ರಾಂವ. ಇದರಿಂದ ಸೋತ ಮ್ಯಾಚು ಎಷ್ಟೋ, ಆದ್ರೂ ಇವನ್ನ ಬಿಟ್ಟು ಬ್ಯಾರೆ ಯಾರನ್ನೂ ಸ್ಕ್ವಾಡಿಗೆ ತಗೊಳ್ಳಿಲ್ಲ ನಾವು. 2020ರ ಸೆಪ್ಟೆಂಬರ್‌ದಾಗ ಪಬ್ಜಿ ಬ್ಯಾನ್ ಆದ ಮ್ಯಾಲೂ ಹನ್ನೊಂದಾತಂದ್ರ ಇವನ ಗ್ರೂಪ್ ಕಾಲ್ ಬರೂದ ಬರೂದು, ಸುಮ್ನ ಹರಟಿ ಹೊಡ್ಯಾಕ. ಮುಂದ 2021ರ ಜುಲೈದಾಗ ಅದ ಆಟ ಬಿಜಿಎಂಐ ಅಂತ ಹೊಸಾ ಹೆಸರಿನ್ಯಾಗ ಬಂತು, ಮತ್ತ ನಿದ್ದಿ ಹೋತು.

ವೈನಿ, ಈಗ ನಿಮ್ಮ ವಿಷ್ಯಾ. ನಿಶ್ಚಯ ಆದ ಹೊಸದಾಗಿ ಒಂದಿನ ಆಟದಾಗಿನ ಪೋಚಿಂಕಿ ಊರಾಗ ಕಡೀ ಸರ್ಕಲ್, ಇನ್ನ ಒಂದ ಸ್ಕ್ವಾಡ್ ಉಳದೈತಿ, ಮ್ಯಾಲಿನ ಕಿಡಕಿ ಕಾಯಾಕ ಇವನ್ನ ಬಿಟ್ಟೇವಿ. ಒಮ್ಮಿಂದೊಮ್ಮೆಲೆ ಇವನ ಮೈಕಿನ್ಯಾಗ, "ಹಲೋ... ಹೂಂರಿ... ಊಟ ಆತೇನ್ರಿ?" ನಮಗ ಆರು ವರ್ಷ ಬರೇ ಲೇ ಲೇ ಅಂದಾಂವ, ಇಲ್ಲಿ ರೀ! ಇನ್ನೊಂದ ಫೋನಿಗೆ ನಿಮ್ಮ ಕಾಲ್ ಬಂದಿತ್ತು, ಮೈಕ್ ಆಫ್ ಮಾಡೂದು ಮರತಿದ್ದಾ. ನಾವು ಮೂರೂ ಮಂದಿ ಬಂದೂಕ ಕೆಳಗಿಟ್ಟು ಕಿವಿಗೊಟ್ಟು ಕುಂತ್ವಿ, ನೀವು ಏನ ಪಲ್ಲೆ ಮಾಡಿದ್ರಿ ಅಂತ ಕೇಳಿದ್ದೂ ಕೇಳಿಸ್ತು (ಬದನಿಕಾಯಿ), ಅಷ್ಟರಾಗ ಎದುರಿನವ್ರು ಬಂದು ನಾಕೂ ಮಂದಿನ್ನ ಹೊಡದು ಹೋದ್ರು. ಇಂವ ಆಮ್ಯಾಲ ಬಂದು ಏನಂದಾ ಗೊತ್ತೇನ್ರಿ? "ನೆಟ್ ಹೋಗಿತ್ತಲೇ." ಆವತ್ತ ಮದಲನೇ ಸಲ ಒಬ್ಬರೂ ಇವನ್ನ ಬೈಲಿಲ್ಲ.

ಗೆದ್ರ ಸ್ಕ್ರೀನ್ ಮ್ಯಾಲ ಚಿಕನ್ ಡಿನ್ನರ್ ಅಂತ ಬರ್ತದ್ರಿ, ಈ ಮಂಟಪದಾಗ ಆ ಶಬ್ದ ಎತ್ತಿದ್ರ ಹಿರಿಯಾರು ನನ್ನ ಹೊರಗ ಹಾಕ್ತಾರ, ಇವತ್ತಿಗೆ ಗೋಧಿ ಹುಗ್ಗಿನ ನಮ್ಮ ಡಿನ್ನರ್. ಎಲ್ಲಾರೂ ಕೈಯಾಗಿನ ಮಜ್ಜಿಗಿ ಗ್ಲಾಸ್ ಎತ್ರಿ, ಮಂಜ್ಯಾಗ, ಶ್ವೇತಾ ವೈನಿಗೆ! ಮಂಜ್ಯಾ, ಇವತ್ತ ರಾತ್ರಿ ಯಾರೂ ಇನ್ವೈಟ್ ಕಳಸಂಗಿಲ್ಲ, ಆರಾಮಿರಲೇ. ನಾಳಿದ್ದಿಂದು ವೈನೀನ್ನ ಕೇಳಿ ಹೇಳು.