ವೈರಲ್ ಜ್ವರದ ನಂತರದ ವಿಶ್ರಾಂತಿಗಾಗಿ ರಜೆ ವಿಸ್ತರಣೆ ಕೋರಿ ಮನವಿ

ದಿನಾಂಕ: 22 ನವೆಂಬರ್ 2025
ಸ್ಥಳ: ದಾವಣಗೆರೆ

ಇವರಿಂದ,
ಮಂಜುನಾಥ ಟಿ.
ಬಾಯ್ಲರ್ ಅಟೆಂಡೆಂಟ್, ರಾತ್ರಿ ಪಾಳಿ
ವಾಸ: ನಿಟುವಳ್ಳಿ, ದಾವಣಗೆರೆ

ಇವರಿಗೆ,
ಮಾನ್ಯ ವ್ಯವಸ್ಥಾಪಕರು
ಅಕ್ಕಿ ಗಿರಣಿ ಕಚೇರಿ, ಹರಿಹರ ರಸ್ತೆ
ದಾವಣಗೆರೆ

ವಿಷಯ: ವೈರಲ್ ಜ್ವರದಿಂದ ಪೂರ್ಣ ಚೇತರಿಸಿಕೊಳ್ಳಲು ನವೆಂಬರ್ 24ರಿಂದ 29ರವರೆಗೆ ಅನಾರೋಗ್ಯ ರಜೆಯನ್ನು ವಿಸ್ತರಿಸಿಕೊಡುವಂತೆ ಕೋರಿಕೆ.

ಉಲ್ಲೇಖ: ನವೆಂಬರ್ 13ರಿಂದ 22ರವರೆಗೆ ರಜೆ ಕೋರಿ ನಾನು ನವೆಂಬರ್ 14ರಂದು ಸಲ್ಲಿಸಿದ ಅರ್ಜಿ.

ಮಾನ್ಯರೇ,

ಮೇಲ್ಕಂಡ ಅರ್ಜಿಯನ್ನು ತಾವು ತಡಮಾಡದೆ ಮಂಜೂರು ಮಾಡಿದ್ದಕ್ಕೆ ಮೊದಲಿಗೆ ನನ್ನ ವಂದನೆಗಳು. ಅದರಂತೆ ನಾನು ಬರುವ ಸೋಮವಾರ, ನವೆಂಬರ್ 24ರಂದು ಕೆಲಸಕ್ಕೆ ಹಾಜರಾಗಬೇಕಿತ್ತು. ಜ್ವರ ಪೂರ್ತಿ ಇಳಿದಿದ್ದರೂ ಮೈಯಲ್ಲಿ ಇನ್ನೂ ಶಕ್ತಿ ಬಂದಿಲ್ಲದಿರುವುದರಿಂದ ಮತ್ತು ವೈದ್ಯರು ಇನ್ನೊಂದು ವಾರ ವಿಶ್ರಾಂತಿ ಪಡೆಯಲೇಬೇಕೆಂದು ಲಿಖಿತವಾಗಿ ಸೂಚಿಸಿರುವುದರಿಂದ, ನವೆಂಬರ್ 24ರಿಂದ 29ರವರೆಗೆ ನನ್ನ ರಜೆಯನ್ನು ವಿಸ್ತರಿಸಿಕೊಡಬೇಕೆಂದು ಈ ಮೂಲಕ ವಿನಂತಿಸಿಕೊಳ್ಳುತ್ತೇನೆ. 30ನೇ ತಾರೀಖು ಭಾನುವಾರ ವಾರದ ರಜೆ ಇರುವುದರಿಂದ ಡಿಸೆಂಬರ್ 1, ಸೋಮವಾರದಂದು ಕೆಲಸಕ್ಕೆ ಬರುತ್ತೇನೆ.

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಮಳೆಗಾಲದ ಭತ್ತದ ಕೊಯ್ಲು ನಡೆದು ಲಾರಿಗಳು ಗೇಟಿನ ಮುಂದೆ ಸಾಲುಗಟ್ಟುವ ದಿನಗಳಿವು. ವರ್ಷದಲ್ಲಿ ಬಾಯ್ಲರ್‌ಗೆ ಅತಿ ಹೆಚ್ಚು ಕೆಲಸವಿರುವುದೂ ಈಗಲೇ. ಇಂಥ ಹೊತ್ತಿನಲ್ಲಿ ಒಬ್ಬ ಅಟೆಂಡೆಂಟ್ ಇಲ್ಲದಿದ್ದರೆ ಕಚೇರಿಗೆ ಎಷ್ಟು ತೊಂದರೆಯಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಬರೀ "ಮೈ ಸರಿಯಿಲ್ಲ" ಎಂದು ಎರಡು ಸಾಲು ಬರೆದು ಕಳಿಸದೆ, ನನ್ನ ಆರೋಗ್ಯದ ಈಗಿನ ಸ್ಥಿತಿಯನ್ನೂ ಈ ರಜೆ ಏಕೆ ಬೇಕಾಗಿದೆ ಎಂಬುದನ್ನೂ ವಿವರವಾಗಿ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನವೆಂಬರ್ 12ರ ರಾತ್ರಿ ಪಾಳಿಯಲ್ಲಿದ್ದಾಗಲೇ ಚಳಿ, ಮೈಕೈ ನೋವು ಶುರುವಾಗಿ, ಬೆಳಗಿನ ಹೊತ್ತಿಗೆ ಜ್ವರ 103 ಡಿಗ್ರಿ ದಾಟಿತ್ತು. ಅಂದೇ ಇಎಸ್‌ಐ ಆಸ್ಪತ್ರೆಗೆ ಹೋಗಿ ತೋರಿಸಿದೆ. ಡೆಂಗಿ ಇರಬಹುದೆಂಬ ಅನುಮಾನದಿಂದ ಎನ್‌ಎಸ್1 ಪರೀಕ್ಷೆ ಮಾಡಿಸಿದರು. ಫಲಿತಾಂಶ ನೆಗೆಟಿವ್ ಬಂದಿತು. ಮಲೇರಿಯಾ ಕೂಡ ಇಲ್ಲವೆಂದು ಖಚಿತವಾಯಿತು. ವೈರಲ್ ಜ್ವರವೆಂದು ನಿರ್ಧರಿಸಿ, ಪ್ಯಾರಾಸಿಟಮಾಲ್ ಮಾತ್ರೆ, ಓಆರ್‌ಎಸ್ ಮತ್ತು ಸಂಪೂರ್ಣ ವಿಶ್ರಾಂತಿ ಬರೆದುಕೊಟ್ಟರು. ಇದು ವೈರಾಣುವಿನಿಂದ ಬಂದ ಜ್ವರವಾದ್ದರಿಂದ ಆಂಟಿಬಯೋಟಿಕ್ ಕೊಟ್ಟು ಬೇಗ ಗುಣಪಡಿಸುವಂತಿಲ್ಲ, ದೇಹ ತಾನಾಗಿಯೇ ಅದನ್ನು ಎದುರಿಸಿ ಗೆಲ್ಲಬೇಕು ಎಂದು ವೈದ್ಯರು ಅಂದೇ ತಿಳಿಸಿದ್ದರು. ಜ್ವರ ಪೂರ್ತಿ ಬಿಟ್ಟದ್ದು 18ನೇ ತಾರೀಖಿಗೆ.

ಈಗ ಉಳಿದಿರುವುದು ಜ್ವರವಲ್ಲ, ಜ್ವರ ಬಿಟ್ಟುಹೋದ ನಿಶ್ಶಕ್ತಿ. 17ರಂದು 92,000ಕ್ಕೆ ಇಳಿದಿದ್ದ ಪ್ಲೇಟ್‌ಲೆಟ್ ಸಂಖ್ಯೆ ನಿನ್ನೆಯ ಪರೀಕ್ಷೆಯಲ್ಲಿ 1,42,000ಕ್ಕೆ ಏರಿದೆ. ಇದು ಸಮಾಧಾನದ ಸಂಗತಿಯೇ ಆದರೂ ಕನಿಷ್ಠ ಮಟ್ಟವೆಂದು ಪರಿಗಣಿಸುವ ಒಂದೂವರೆ ಲಕ್ಷವನ್ನು ಇನ್ನೂ ಮುಟ್ಟಿಲ್ಲ. ನನ್ನ ಕೆಲಸಕ್ಕೆ ಇದಕ್ಕಿಂತ ಮುಖ್ಯವಾದದ್ದು ರಕ್ತದೊತ್ತಡದ ವಿಚಾರ. ನಿನ್ನೆ ವೈದ್ಯರು ಮಲಗಿಸಿ ನೋಡಿದಾಗ 116/74 ಇದ್ದದ್ದು, ಎದ್ದು ನಿಲ್ಲಿಸಿ ನೋಡಿದಾಗ 92/60ಕ್ಕೆ ಕುಸಿಯಿತು. ಆ ಕ್ಷಣದಲ್ಲಿ ನನಗೆ ಕಣ್ಣಿಗೆ ಕತ್ತಲೆ ಕಟ್ಟಿದಂತಾಗಿ ಮೇಜನ್ನು ಹಿಡಿದುಕೊಳ್ಳಬೇಕಾಯಿತು. ಜ್ವರದಲ್ಲಿ ನೀರಿನಂಶ ಕಡಿಮೆಯಾಗಿ, ಊಟವಿಲ್ಲದೆ ಹಲವು ದಿನ ಮಲಗಿದ್ದವರಿಗೆ ಹೀಗಾಗುವುದು ಸಾಮಾನ್ಯ, ನೀರು, ಗಂಜಿ, ಎಳನೀರು ಚೆನ್ನಾಗಿ ತೆಗೆದುಕೊಂಡು ವಿಶ್ರಾಂತಿ ಪಡೆದರೆ ಸರಿಹೋಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಅಲ್ಲಿಯವರೆಗೆ ಬೆಂಕಿಯ ಬಳಿ, ಎತ್ತರದ ಮೇಲೆ ಮತ್ತು ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಕೂಡದೆಂದು ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನನ್ನ ಕೆಲಸದಲ್ಲಿ ಈ ಮೂರೂ ಇವೆ.

ಮಾನ್ಯರೇ, ಕಚೇರಿಯಲ್ಲಿ ಕುಳಿತು ಮಾಡುವ ಕೆಲಸವಾಗಿದ್ದರೆ ನಾನು ಸೋಮವಾರವೇ ಬರುತ್ತಿದ್ದೆ. ಬಾಯ್ಲರ್ ಮುಂದೆ ನಿಲ್ಲುವವನ ಕಣ್ಣು ಗೇಜ್ ಗ್ಲಾಸಿನ ನೀರಿನ ಮಟ್ಟದ ಮೇಲೆಯೇ ಇರಬೇಕು. ಉಮಿ ಬೇಗ ಹತ್ತಿಕೊಳ್ಳುವ ಉರುವಲು; ಬೆಂಕಿ ಜೋರಾದ ಹೊತ್ತಿನಲ್ಲಿ ಫೀಡ್ ಪಂಪ್ ನೀರೆಳೆಯುವುದನ್ನು ನಿಲ್ಲಿಸಿದರೆ ಗ್ಲಾಸಿನಲ್ಲಿ ನೀರು ಕಣ್ಣೆದುರೇ ಇಳಿಯುತ್ತಾ ಹೋಗುತ್ತದೆ. ನೀರು ತಳ ಸೇರಿ ಕೊಳವೆಗಳು ಕೆಂಪಗೆ ಕಾದ ಮೇಲೆ ಗಾಬರಿಯಿಂದ ತಣ್ಣೀರು ಬಿಟ್ಟರೆ ಏನಾಗುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ತಲೆಸುತ್ತಿ ಸ್ವಲ್ಪ ಹೊತ್ತು ಕುಳಿತುಬಿಟ್ಟರೂ ಅಪಾಯ ನನಗೊಬ್ಬನಿಗೇ ಅಲ್ಲ. ಪಕ್ಕದಲ್ಲೇ ಭತ್ತ ಬೇಯಿಸುವ ಟ್ಯಾಂಕಿನ ಬಳಿ ಇರುವವರಿಗೂ, ಡ್ರೈಯರ್ ಮೇಲಿರುವವರಿಗೂ ಉಂಟು. ಉಮಿ ಹಾಪರ್‌ನಲ್ಲಿ ಕಟ್ಟಿಕೊಂಡಾಗ ಕಬ್ಬಿಣದ ಏಣಿ ಹತ್ತಿ ಕೋಲಿನಿಂದ ಬಿಡಿಸಬೇಕಾಗುತ್ತದೆ. ಎದ್ದು ನಿಂತರೆ ಕಣ್ಣು ಕತ್ತಲಿಡುವ ಈ ಸ್ಥಿತಿಯಲ್ಲಿ ನಾನು ಆ ಏಣಿ ಹತ್ತುವುದು ಸರಿಯಲ್ಲ. ಆವಿ ಕಡಿಮೆಯಾದರೆ ನೆನೆಹಾಕಿದ ಭತ್ತ ಸಮಯಕ್ಕೆ ಬೇಯದೆ ಹುಳಿ ವಾಸನೆ ಹಿಡಿದು, ಕುಸುಬಲಕ್ಕಿಯ ಬಣ್ಣ ಕೆಟ್ಟು, ಇಡೀ ಟ್ಯಾಂಕಿನ ಮಾಲಿಗೇ ನಷ್ಟವಾಗುತ್ತದೆ. ಅರೆಶಕ್ತಿಯಲ್ಲಿ ಬಂದು ನಿಲ್ಲುವುದಕ್ಕಿಂತ ಒಂದು ವಾರ ತಡವಾಗಿ ಪೂರ್ಣ ಶಕ್ತಿಯಿಂದ ಬರುವುದೇ ಗಿರಣಿಗೂ ಹಿತವೆಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ.

ಈ ವಾರದ ಕೆಲಸ ನಿಲ್ಲದಂತೆ ನೋಡಿಕೊಳ್ಳಲು ನನ್ನಿಂದಾದದ್ದನ್ನು ಮಾಡಿದ್ದೇನೆ. ಹಗಲು ಪಾಳಿಯ ಅಟೆಂಡೆಂಟ್ ಅಣ್ಣನವರೊಡನೆ ಫೋನಿನಲ್ಲಿ ಮಾತನಾಡಿದ್ದು, ಎರಡನೇ ಫೀಡ್ ಪಂಪಿನ ಗ್ಲ್ಯಾಂಡಿನಲ್ಲಿ ನೀರು ಜಿನುಗುತ್ತಿರುವುದು, ಗೇಜ್ ಗ್ಲಾಸಿನ ಕೆಳಗಿನ ಕಾಕ್ ಬಿಗಿಯಾಗಿರುವುದು, ಬಿಡಿ ಗ್ಲಾಸುಗಳು ನನ್ನ ಸಾಮಾನಿನ ಪೆಟ್ಟಿಗೆಯಲ್ಲಿ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟಿರುವುದು, ಎಲ್ಲವನ್ನೂ ತಿಳಿಸಿದ್ದೇನೆ. ನಾನು ಮಲಗಿರುವ ದಿನಗಳಲ್ಲಿ ಅವರು ಎರಡು ಪಾಳಿಯ ಭಾರವನ್ನೂ ಹೊತ್ತಿದ್ದಾರೆ. ಅವರಿಗೂ ನಿದ್ದೆ ಬೇಕು. ಆದ್ದರಿಂದ ಬಾಯ್ಲರ್ ಪ್ರಮಾಣಪತ್ರವಿರುವ ಬದಲಿ ಅಟೆಂಡೆಂಟ್ ಒಬ್ಬರನ್ನು ಈ ವಾರದ ಮಟ್ಟಿಗೆ ಪರಿಚಯದ ಗಿರಣಿಗಳಿಂದ ಕರೆಸಿಕೊಂಡರೆ ಒಳ್ಳೆಯದೆಂದು ನನ್ನ ನಮ್ರ ಸಲಹೆ. ಉಮಿ ಹಾಕುವ ಹುಡುಗ ಚುರುಕಾಗಿದ್ದಾನೆ, ಕೆಲಸ ಕಲಿಯುವ ಆಸೆಯೂ ಇದೆ. ಆದರೆ ಪ್ರಮಾಣಪತ್ರವಿಲ್ಲದ ಅವನ ಕೈಗೆ ರಾತ್ರಿ ಹೊತ್ತು ಬಾಯ್ಲರನ್ನು ಒಪ್ಪಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ನಾನು ಉತ್ತರಿಸಲು ಸಿದ್ಧನಿದ್ದೇನೆ.

ವೇತನದ ವಿಚಾರವಾಗಿ ಒಂದು ಮನವಿ. ಅನಾರೋಗ್ಯದ ಮೊದಲ ಎರಡು ದಿನಗಳಿಗೆ ಇಎಸ್‌ಐನಿಂದ ನಗದು ಸೌಲಭ್ಯ ಸಿಗುವುದಿಲ್ಲವಾದ್ದರಿಂದ ಆ ಎರಡು ದಿನಗಳನ್ನು, ಅಂದರೆ ನವೆಂಬರ್ 13 ಮತ್ತು 14ನ್ನು, ನನ್ನ ಖಾತೆಯಲ್ಲಿರುವ ಗಳಿಕೆ ರಜೆಗೆ ಹೊಂದಿಸಿಕೊಳ್ಳಬಹುದು. ಉಳಿದ ದಿನಗಳಿಗೆ ಸರಾಸರಿ ದಿನಗೂಲಿಯ ಶೇ. 70ರಷ್ಟು ಅನಾರೋಗ್ಯ ಭತ್ಯೆಯನ್ನು ಇಎಸ್‌ಐನಿಂದ ಪಡೆಯಲು ನಾನು ಅರ್ಜಿ ಸಲ್ಲಿಸುತ್ತಿದ್ದೇನೆ. ಇದಕ್ಕೆ ಬೇಕಾದ 78 ದಿನಗಳ ವಂತಿಗೆ, 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗಿನ ಅವಧಿಯಲ್ಲಿ ನನ್ನ ಹೆಸರಿನಲ್ಲಿ ಧಾರಾಳವಾಗಿ ಜಮೆಯಾಗಿದೆ. ಈಗ ಕೋರುತ್ತಿರುವ ದಿನಗಳು ಹೊಸ ಕಾಯಿಲೆಯದಲ್ಲ, ಹಿಂದಿನದರ ಮುಂದುವರಿಕೆ. ಆದಕಾರಣ ಹಾಜರಿ ಪುಸ್ತಕದಲ್ಲಿ ಇವನ್ನು ಒಂದೇ ಅನಾರೋಗ್ಯದ ಅವಧಿಯಾಗಿ ದಾಖಲಿಸಿ, ಇಎಸ್‌ಐ ಶಾಖಾ ಕಚೇರಿಯವರು ಕೇಳಿದಾಗ ಈ ದಿನಗಳಲ್ಲಿ ನಾನು ಕೆಲಸ ಮಾಡಿಲ್ಲವೆಂಬುದನ್ನು ಕಚೇರಿಯಿಂದ ದೃಢೀಕರಿಸಿಕೊಡಬೇಕೆಂದು ಕೋರುತ್ತೇನೆ. ಗಿರಣಿಯಿಂದ ಈ ದಿನಗಳಿಗೆ ಪ್ರತ್ಯೇಕ ವೇತನವನ್ನು ನಾನು ಕೇಳುತ್ತಿಲ್ಲ.

28ನೇ ತಾರೀಖು ಶುಕ್ರವಾರ ಮತ್ತೊಮ್ಮೆ ರಕ್ತಪರೀಕ್ಷೆ ಮತ್ತು ರಕ್ತದೊತ್ತಡದ ತಪಾಸಣೆ ಇದೆ. ಅಂದು ಸಂಜೆಯೊಳಗೆ ವರದಿಯನ್ನು ತಮಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಬದಲಿ ವ್ಯವಸ್ಥೆಯ ಬಗ್ಗೆ ನಿರ್ಧರಿಸಲು ತಮಗೆ ಶನಿವಾರದ ಕಾಲಾವಕಾಶ ಸಿಗುತ್ತದೆ. ಎಲ್ಲವೂ ಸರಿಯಿದ್ದರೆ ದುಡಿಯಲು ಯೋಗ್ಯನೆಂಬ ವೈದ್ಯರ ಪ್ರಮಾಣಪತ್ರದೊಂದಿಗೆ ಡಿಸೆಂಬರ್ 1ರಂದು ಹಾಜರಾಗುತ್ತೇನೆ. ಸಾಧ್ಯವಾದರೆ ಆ ಮೊದಲ ವಾರ ನನಗೆ ಹಗಲು ಪಾಳಿ ಕೊಟ್ಟು, ಬೂದಿ ತೆಗೆಯುವ ಮತ್ತು ಹಾಪರ್ ಹತ್ತುವ ಕೆಲಸಕ್ಕೆ ಸಹಾಯಕರೊಬ್ಬರನ್ನು ಜೊತೆಗಿಟ್ಟರೆ ದೊಡ್ಡ ಉಪಕಾರವಾಗುತ್ತದೆ. ಆ ವಾರ ಕಳೆದ ಮೇಲೆ ಎಂದಿನಂತೆ ರಾತ್ರಿ ಪಾಳಿಗೆ ಬರಲು ನನ್ನ ಅಭ್ಯಂತರವಿಲ್ಲ.

ಅಕಸ್ಮಾತ್ ಕೆಲಸದ ಒತ್ತಡದಿಂದ ಪೂರ್ಣ ವಾರದ ರಜೆ ಕೊಡುವುದು ತಮಗೆ ಕಷ್ಟವೆನಿಸಿದರೆ, ವೈದ್ಯರ ಒಪ್ಪಿಗೆ ಪಡೆದು 27ನೇ ತಾರೀಖು ಗುರುವಾರದಿಂದ ಹಗಲು ಹೊತ್ತಿನಲ್ಲಿ ವೇಬ್ರಿಡ್ಜ್ ಕೋಣೆಯಲ್ಲಿ ಕುಳಿತು ಲಾರಿಗಳ ತೂಕದ ಚೀಟಿ ಬರೆಯುವ ಕೆಲಸ ಮಾಡಿಕೊಡಲು ನಾನು ಸಿದ್ಧ. ಹಾಗೆ ಬಂದ ದಿನಗಳಿಗೆ ಇಎಸ್‌ಐ ಭತ್ಯೆ ಪಡೆಯುವುದಿಲ್ಲ. ಬಾಯ್ಲರ್ ಮನೆಗೆ ಮಾತ್ರ ವೈದ್ಯರ ಪ್ರಮಾಣಪತ್ರ ಸಿಗುವವರೆಗೆ ನನ್ನನ್ನು ಕಳಿಸಬಾರದೆಂದು ಬೇಡಿಕೊಳ್ಳುತ್ತೇನೆ.

ತಾವು ಈ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ರಜೆ ಮಂಜೂರಾದ ವಿಷಯವನ್ನು ಸೋಮವಾರ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲು ತಿಳಿಸಿದರೆ ಉಪಕೃತನಾಗಿರುತ್ತೇನೆ. ಈ ಪತ್ರವನ್ನೂ ಲಗತ್ತುಗಳನ್ನೂ ನನ್ನ ತಮ್ಮನ ಕೈಯಲ್ಲಿ ಕಳಿಸುತ್ತಿದ್ದು, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಕೊಡಬೇಕೆಂದು ವಿನಂತಿ.

ವಂದನೆಗಳೊಂದಿಗೆ,

ಇತಿ ತಮ್ಮ ವಿಶ್ವಾಸಿ,
ಮಂಜುನಾಥ ಟಿ.

ಲಗತ್ತುಗಳು: ನವೆಂಬರ್ 21ರ ವೈದ್ಯಕೀಯ ಪ್ರಮಾಣಪತ್ರ, ನವೆಂಬರ್ 17 ಮತ್ತು 21ರ ರಕ್ತಪರೀಕ್ಷೆಯ ವರದಿಗಳು, ಎನ್‌ಎಸ್1 ಪರೀಕ್ಷಾ ವರದಿಯ ನಕಲು, ಔಷಧಿ ಚೀಟಿಯ ನಕಲು.