ಬೇಕರಿ ಲೋಗೋ ಸ್ಟಿಂಗ್: ಅನಿಮೇಷನ್ ಮತ್ತು ಸೌಂಡ್ ಸ್ಕ್ರಿಪ್ಟ್ (ಎರಡನೇ ಕರಡು)

ಒಟ್ಟು 3 ಸೆಕೆಂಡು, ಸೆಕೆಂಡಿಗೆ 25 ಫ್ರೇಮ್. ಅಂದರೆ 0ಯಿಂದ 74ರವರೆಗೆ 75 ಫ್ರೇಮ್, 76ನೆಯದು ಇಲ್ಲ. ಸೈಜು 1920x1080, ಫೋನಿಗೆ 1080x1920 ಬೇರೆಯಾಗಿ ಜೋಡಿಸಬೇಕು, ಅಡ್ಡದ್ದನ್ನೇ ಕತ್ತರಿಸಿ ಕೊಡಬೇಡಿ.

ಆಕಾರಗಳು ಮೂರೇ: ಒಂದು ಗೆರೆ, ಒಂದು ವೃತ್ತ, ಮೂರು ಓರೆ ಗೀರು. ಬಣ್ಣ ಎರಡು: ಹಿನ್ನೆಲೆಗೂ ಗೀರುಗಳಿಗೂ ಕೆನೆ (#F6E7CF), ಉಳಿದದ್ದಕ್ಕೆಲ್ಲ ಕಂದು (#6B3A1E). ನೆರಳು, ಹೊಗೆ, ಗೋಧಿ ತೆನೆ ಯಾವುದೂ ಬೇಡ. ಮೊದಲ ಕರಡಿನಲ್ಲಿದ್ದ ಬಾಣಸಿಗನ ಟೋಪಿಯನ್ನೂ ತೆಗೆದಿದ್ದೇನೆ.

ಫ್ರೇಮ್ 0–5
ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಅಡ್ಡಗೆರೆ. ಅದು ಮೇಜು. ಸದ್ದಿಲ್ಲ.

ಫ್ರೇಮ್ 6–15
ಮೇಲಿನಿಂದ ವೃತ್ತ ಬೀಳುತ್ತದೆ, ಬೀಳುತ್ತಾ ವೇಗ ಹೆಚ್ಚಬೇಕು. 15ಕ್ಕೆ ಗೆರೆ ಮುಟ್ಟಿ ಚಪ್ಪಟೆಯಾಗುತ್ತದೆ: ಎತ್ತರ 70%, ಅಗಲ 143%. ಎತ್ತರ ಕಳೆದುಕೊಂಡಷ್ಟು ಅಗಲ ಸಿಗದಿದ್ದರೆ ಹಿಟ್ಟು ಕರಗಿಹೋದಂತೆ ಕಾಣುತ್ತದೆ. ಇಲ್ಲೂ ಸದ್ದು ಬೇಡ. ಕೈ ತಡೆಯುವುದಿಲ್ಲ, ಗೊತ್ತು. ಆದರೆ ಇಲ್ಲಿ ಧೊಪ್ಪೆನ್ನಿಸಿದರೆ ಮುಂದಿನ ಹಿಟ್ ಸತ್ತಂತೆ.

ಫ್ರೇಮ್ 16–33
ಚಪ್ಪಟೆ ಉಂಡೆ ನಿಧಾನವಾಗಿ ಉಬ್ಬಿ, ತಳ ಗೆರೆಗೆ ಅಂಟಿ, ಅರ್ಧವೃತ್ತವಾಗುತ್ತದೆ. ಇಡೀ ಸ್ಟಿಂಗಿನಲ್ಲಿ ಅವಸರವಿಲ್ಲದ ಜಾಗ ಇದೊಂದೇ. ರಬ್ಬರಿನಂತೆ ಕುಣಿಸಬೇಡಿ, ಹಿಟ್ಟು ಕುಣಿಯುವುದಿಲ್ಲ. ಜೊತೆಗೆ ಏರುವ ಸಣ್ಣ ಗುಂಯ್‌ಕಾರ, 30ರಲ್ಲಿ ಥಟ್ಟನೆ ಕಟ್. 31, 32, 33 ಪೂರ್ತಿ ಮೌನ.

ಫ್ರೇಮ್ 34
ಹಿಟ್. ಮೂರೂ ಗೀರು ಒಂದೇ ಫ್ರೇಮಿನಲ್ಲಿ ಮೂಡಬೇಕು, ಒಂದರ ಹಿಂದೊಂದಲ್ಲ. ಬ್ರೆಡ್ಡು 106%ಗೆ ಹಿಗ್ಗಿ 40ರ ಹೊತ್ತಿಗೆ 100ಕ್ಕೆ ಮರಳುತ್ತದೆ.

ಹಿಟ್ ಯಾವುದು? ಬೆಂದ ಬ್ರೆಡ್ಡಿನ ತಳವನ್ನು ಗೆಣ್ಣಿನಿಂದ ತಟ್ಟಿದರೆ ಬರುವ ಟೊಳ್ಳು ಸದ್ದು. ಬೆಂದಿತೇ ಎಂದು ಬೇಕರಿಯವರು ನೋಡುವುದೇ ಹಾಗೆ. ನಿಜವಾದ ಬ್ರೆಡ್ಡನ್ನೇ ತಟ್ಟಿ ರೆಕಾರ್ಡ್ ಮಾಡಿ. ಫೋನ್ ಸ್ಪೀಕರಿನಲ್ಲಿ ತಳದ ಸ್ವರ ಕೇಳದು, ಆದ್ದರಿಂದ ಅದರ ಮೇಲೆ ಹೊರಪದರ ಮುರಿಯುವ ಒಂದು ಚಟ್ ಸೇರಿಸಿ. ಗಂಟೆ ಬೇಡ. ಗಂಟೆ ಕೇಳಿದವರು ಫೋನ್ ನೋಡುತ್ತಾರೆ, ಲೋಗೋ ನೋಡುವುದಿಲ್ಲ.

ಫ್ರೇಮ್ 38–46
ಗೆರೆಯ ಹಿಂದಿನಿಂದ ನಾಲ್ಕಕ್ಷರದ ಹೆಸರು ಒಟ್ಟಿಗೇ ಕೆಳಗಿಳಿಯುತ್ತದೆ, ಗೆರೆಯೇ ಮರೆ. ಒತ್ತಕ್ಷರ ಇದೆ, ಕೆಳಗೆ ಜಾಗ ಬಿಡಿ; ಮೊದಲ ಕರಡಿನಲ್ಲಿ ಅದರ ಬಾಲ ಕತ್ತರಿಸಿಹೋಗಿತ್ತು.

ಫ್ರೇಮ್ 47–74
ಏನೂ ಅಲ್ಲಾಡಬಾರದು. ಓದಲು ಸಿಗುವುದು ಇದಿಷ್ಟೇ, 28 ಫ್ರೇಮ್. ಹೊರಪದರ ಆರುವಾಗಿನ ಚಿಟಪಟ ಎರಡೋ ಮೂರೋ, ತೀರಾ ಮೆಲ್ಲಗೆ. 70ರೊಳಗೆ ಸದ್ದು ಸೊನ್ನೆ.

ಕೊಡಬೇಕಾದದ್ದು: ಎರಡೂ ಸೈಜಿನ ಎಂಪಿ4, ಹಿನ್ನೆಲೆಯಿಲ್ಲದ ಪ್ರೋರೆಸ್ 4444 ಒಂದು, 48 ಕಿಲೋಹರ್ಟ್ಸ್ ವೇವ್ ಬೇರೆಯಾಗಿ. ಕಳಿಸುವ ಮುಂಚೆ ಸದ್ದು ತೆಗೆದು ಒಮ್ಮೆ, ಕಣ್ಣು ಮುಚ್ಚಿ ಒಮ್ಮೆ ಪರೀಕ್ಷಿಸಿ. ಕಣ್ಣು ಮುಚ್ಚಿದಾಗ ಬಾಗಿಲು ಬಡಿದಂತೆ ಕೇಳಿಸಿದರೆ ಬೇರೆ ಬ್ರೆಡ್ಡು ತಟ್ಟಬೇಕು.