ನೀರಿನ ಮೇಲೆ ಹಿಡಿದ ಹೈಡ್ರೋಜನ್: ಒಂದು ಲೆಕ್ಕ

ಬೆಂಗಳೂರಿನ ಒಂದು ಪಿಯು ಲ್ಯಾಬ್ ಅಂದುಕೊಳ್ಳಿ. 0.0400 ಗ್ರಾಂ ಮೆಗ್ನೀಸಿಯಂ ರಿಬ್ಬನ್ ಅನ್ನು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದ್ದೀರಿ. ಬಂದ ಹೈಡ್ರೋಜನ್ನನ್ನು ನೀರು ತುಂಬಿ ಬೋರಲು ಹಾಕಿದ ಅಳತೆಯ ಕೊಳವೆಯಲ್ಲಿ ಹಿಡಿದಿದ್ದೀರಿ. ಕೊಳವೆಯ ಒಳಗೂ ಹೊರಗೂ ನೀರಿನ ಮಟ್ಟ ಸಮ ಮಾಡಿಕೊಂಡು ಓದಿದರೆ 46.5 ಮಿ.ಲೀ. ಉಷ್ಣತೆ 27 °C. ಗಾಳಿಯ ಒತ್ತಡ 684 ಮಿ.ಮೀ. ಪಾದರಸ. 760 ಯಾಕಿಲ್ಲ ಅಂತೀರಾ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅದಕ್ಕೆ.

ಸುಮ್ನೆ 684 ಹಾಕಿ ಲೆಕ್ಕ ಮಾಡಿ ನೋಡೋಣ.

n = PV/RT = (684 × 0.0465)/(62.36 × 300) = 0.001700 mol

ಈಗ ಮೆಗ್ನೀಸಿಯಂ ಕಡೆ ನೋಡಿ. 0.0400/24.31 = 0.001645 mol. ಒಂದು ಮೋಲ್ ಮೆಗ್ನೀಸಿಯಂ ಕೊಡುವುದು ಒಂದೇ ಮೋಲ್ ಹೈಡ್ರೋಜನ್. ಹಾಗಾದರೆ ಲೋಹ ಕೊಡಬಲ್ಲದ್ದಕ್ಕಿಂತ ಜಾಸ್ತಿ ಅನಿಲ ಎಲ್ಲಿಂದ ಬಂತು?

ನೀರಿಂದ. ಕೊಳವೆಯಲ್ಲಿ ಹೈಡ್ರೋಜನ್ ಒಂದೇ ಇಲ್ಲ, ನೀರಾವಿಯೂ ಸೇರಿಕೊಂಡಿದೆ. 27 °C ನಲ್ಲಿ ನೀರಿನ ಆವಿ ಒತ್ತಡ 26.7 ಮಿ.ಮೀ. ಇದನ್ನು ಕೋಷ್ಟಕದಿಂದ ತೆಗೆದುಕೊಳ್ಳುತ್ತೇವೆ. ಕೊಳವೆ ದೊಡ್ಡದಿರಲಿ ಚಿಕ್ಕದಿರಲಿ, ಇದು ಬದಲಾಗುವುದಿಲ್ಲ; ಉಷ್ಣತೆ ಬದಲಾದರೆ ಮಾತ್ರ ಬದಲಾಗುತ್ತದೆ. ಡಾಲ್ಟನ್ ನಿಯಮದಂತೆ ಆಂಶಿಕ ಒತ್ತಡಗಳನ್ನು ಕೂಡಿದರೆ ಒಟ್ಟು ಒತ್ತಡ. ಆದ್ದರಿಂದ

P(H₂) = 684 − 26.7 = 657.3 mmHg
n(H₂) = (657.3 × 0.0465)/(62.36 × 300) = 0.001634 mol

ಈಗ ಸರಿಹೋಯಿತು. ಮೆಗ್ನೀಸಿಯಂ ಲೆಕ್ಕಕ್ಕಿಂತ ಚೂರು ಕಡಿಮೆ ಅಷ್ಟೇ. ರಿಬ್ಬನ್ ಮೇಲಿನ ಆಕ್ಸೈಡ್ ಪದರವನ್ನು ಸರಿಯಾಗಿ ಉಜ್ಜದಿದ್ದರೂ ಹೀಗಾಗಬಹುದು.

ಮೋಲ್ ಭಿನ್ನರಾಶಿ ಇನ್ನೂ ಸುಲಭ. ಒತ್ತಡಗಳ ಅನುಪಾತವೇ ಮೋಲ್‌ಗಳ ಅನುಪಾತ.

x(H₂O) = 26.7/684 = 0.039
x(H₂) = 657.3/684 = 0.961

ಅಂದರೆ ಕೊಳವೆಯಲ್ಲಿ ನೂರು ಅಣು ಇದ್ದರೆ ಹತ್ತಿರ ಹತ್ತಿರ ನಾಲ್ಕು ನೀರಿನವು. ಮೊದಲು ಬಂದ 0.001700 ಕೂಡ ಪೂರ್ತಿ ದಂಡವಲ್ಲ. ಅದು ಎರಡೂ ಅನಿಲಗಳ ಒಟ್ಟು ಮೋಲ್. ಅದನ್ನು 0.961 ರಿಂದ ಗುಣಿಸಿದರೆ ಅದೇ 0.001634 ಸಿಗುತ್ತದೆ. ತಾಳೆ ನೋಡಲು ಇದು ಒಳ್ಳೆಯ ದಾರಿ.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ಒತ್ತಡವನ್ನು 657.3 ಮಾಡಿದ ಮೇಲೆ ಪರಿಮಾಣವನ್ನೂ 0.961 ರಿಂದ ಗುಣಿಸಿಬಿಡುತ್ತಾರೆ. ಹಾಗೆ ಮಾಡಿದರೆ ನೀರಾವಿಯನ್ನು ಎರಡು ಸಲ ಕಳೆದಂತೆ ಆಯಿತಲ್ವಾ? ಹೈಡ್ರೋಜನ್ ಒಂದು ಮೂಲೆಯಲ್ಲಿ, ಆವಿ ಇನ್ನೊಂದು ಮೂಲೆಯಲ್ಲಿ ಕೂತಿಲ್ಲ. ಎರಡೂ 46.5 ಮಿ.ಲೀ. ಪೂರ್ತಿ ಹರಡಿವೆ. ಹಂಚಿಕೊಂಡಿರುವುದು ಒತ್ತಡವನ್ನು, ಜಾಗವನ್ನಲ್ಲ.

ಮಟ್ಟ ಸಮ ಮಾಡುವುದನ್ನು ಮರೆತರೂ ಲೆಕ್ಕ ಕೆಡುತ್ತದೆ. ಒಳಗಿನ ನೀರು ಹೊರಗಿಗಿಂತ 68 ಮಿ.ಮೀ. ಮೇಲೆ ನಿಂತಿದ್ದರೆ, ಪಾದರಸದ ಲೆಕ್ಕದಲ್ಲಿ ಅದು 68/13.6 = 5 ಮಿ.ಮೀ. ಆಗ ಒಳಗಿನ ಒಟ್ಟು ಒತ್ತಡ 679, ಅದರಿಂದ 26.7 ಕಳೆಯಬೇಕು.

ಒಂದು ಲೆಕ್ಕ ನಿಮಗೆ. ಇಷ್ಟೇ ಹೈಡ್ರೋಜನ್ನನ್ನು ಮಂಗಳೂರಿನಲ್ಲಿ, 27 °C ಮತ್ತು 760 ಮಿ.ಮೀ. ಒತ್ತಡದಲ್ಲಿ ಹಿಡಿದರೆ ಕೊಳವೆ ಎಷ್ಟು ತೋರಿಸುತ್ತದೆ? ನೀರಾವಿಯ ಮೋಲ್ ಭಿನ್ನರಾಶಿ ಎಷ್ಟು? ಉತ್ತರ: 41.7 ಮಿ.ಲೀ., 0.035.